ಪ್ಯಾಕ್ ಇದೆ, ಆದ್ರೆ ನೆಟ್ ಇಲ್ಲ: ದಿನದ ಡೇಟಾ, ಒಟ್ಟು ಡೇಟಾ, ಬೂಸ್ಟರ್ – ಯಾವುದು ಯಾರಿಗೆ?

ಕುಮಟಾ ಬಸ್ ಸ್ಟ್ಯಾಂಡ್ ಹತ್ತಿರದ ಯಾವ ರೀಚಾರ್ಜ್ ಅಂಗಡಿಯಲ್ಲಾದರೂ ಸ್ವಲ್ಪ ಹೊತ್ತು ನಿಂತು ನೋಡಿ. "ಅಣ್ಣಾ, 84 ದಿನದ ಪ್ಯಾಕ್ ಹಾಕಿಸಿದ್ದೆ, ಇನ್ನೂ ತಿಂಗಳೂ ಆಗ್ಲಿಲ್ಲ, ನೆಟ್ ಬತ್ತಾ ಇಲ್ಲ" ಅಂತ ಒಬ್ಬರಾದರೂ ಬಂದೇ ಬರುತ್ತಾರೆ. ಅಂಗಡಿಯವರು ಫೋನ್ ತಿರುಗಿಸಿ ನೋಡಿ "ಪ್ಯಾಕ್ ಇದೆ ಮಾರಾಯ್ರೆ, ಡೇಟಾ ಮುಗಿದದೆ" ಅಂತಾರೆ. ಇಬ್ಬರೂ ಹೇಳಿದ್ದು ಸರಿ. ಯಾಕಂದ್ರೆ ಪ್ಯಾಕಿನ ವ್ಯಾಲಿಡಿಟಿ ಒಂದು, ಡೇಟಾದ ವ್ಯಾಲಿಡಿಟಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಗಡುವು ಇರಬಹುದು. ದಿನದ ಲಿಮಿಟ್ ಇರುವ ಪ್ಯಾಕ್ ಆದರೆ ಮೂರನೆಯದೂ ಒಂದು ಇದೆ, ರಾತ್ರಿ 12 ಗಂಟೆ.

ಪ್ಯಾಕ್ ವ್ಯಾಲಿಡಿಟಿ ಅಂದ್ರೆ ನಿಮ್ಮ ನಂಬರಿನ ಸೇವೆ ಎಷ್ಟು ದಿನ ನಡೆಯುತ್ತೆ ಅನ್ನೋದು. ಕರೆ ಹೋಗೋದು, ಎಸ್ಸೆಮ್ಮೆಸ್, ಎಲ್ಲಾ ಅದರ ಮೇಲೆ ನಿಂತಿದೆ. ಇದು ಮುಗಿದರೆ ಹೊರಗೆ ಹೋಗುವ ಕರೆ ನಿಲ್ಲುತ್ತೆ, ಸ್ವಲ್ಪ ದಿನದ ಮೇಲೆ ಒಳಗೆ ಬರುವ ಕರೆಯೂ ನಿಲ್ಲಬಹುದು. ಡೇಟಾ ಉಳಿದಿದ್ದರೂ ಓಡಲ್ಲ. ಡೇಟಾ ವ್ಯಾಲಿಡಿಟಿ ಅಂದ್ರೆ ಆ ಜಿಬಿಗಳನ್ನು ಯಾವ ದಿನದ ಒಳಗೆ ಬಳಸಬೇಕು ಅನ್ನೋದು. ಅದು ಪ್ಯಾಕಿನ ಜೊತೆಗೇ ಮುಗಿಯಬಹುದು, ಅದಕ್ಕಿಂತ ಮೊದಲೇ ಮುಗಿಯಬಹುದು, ದಿನದ ಡೇಟಾ ಆದರೆ ಪ್ರತಿ ರಾತ್ರಿ ಮುಗಿದು ಹೊಸದು ಹುಟ್ಟುತ್ತೆ.

ಆಯ್ಕೆ ಮಾಡುವಾಗ ನಿಮ್ಮ ಮುಂದೆ ಇರೋದು ಹೆಚ್ಚುಕಡಿಮೆ ಮೂರು ದಾರಿ. ಒಂದು, ದಿನಕ್ಕೆ 1.5 ಜಿಬಿ, 2 ಜಿಬಿ ಅಂತ ಕೊಡುವ ಪ್ಯಾಕ್. ಎರಡು, ದಿನದ ಲಿಮಿಟ್ ಇಲ್ಲದೆ ಇಡೀ ಅವಧಿಗೆ ಇಷ್ಟು ಜಿಬಿ ಅಂತ ಒಟ್ಟಿಗೆ ಕೊಡುವ ಪ್ಯಾಕ್. ಮೂರು, ಕರೆಗೆ ಒಂದು ಸಣ್ಣ ಪ್ಯಾಕ್ ಹಾಕಿಕೊಂಡು, ಬೇಕಾದಾಗ ಅದರ ಮೇಲೆ ಡೇಟಾ ಬೂಸ್ಟರ್ ಹಾಕೋದು. ಜಾಹೀರಾತು ಜಾಸ್ತಿ ಇರೋದು ಮೊದಲನೆಯದಕ್ಕೆ, ಅಂಗಡಿಯಲ್ಲಿ ಕೇಳದೇ ಹಾಕಿಕೊಡೋದೂ ಅದನ್ನೇ. ನಮ್ಮ ಉತ್ತರ ಕನ್ನಡದ ಬದುಕಿಗೆ ಅದು ಎಲ್ಲರಿಗೂ ಹೊಂದಲ್ಲ ಅಂತ ನನ್ನ ಅಭಿಪ್ರಾಯ. ಕಾರಣ ಮುಂದೆ ಹೇಳ್ತೇನೆ. ಅದಕ್ಕೂ ಮೊದಲು ಆ ರಾತ್ರಿ 12 ಗಂಟೆಗೆ ಏನಾಗುತ್ತೆ ಅಂತ ಸರಿಯಾಗಿ ತಿಳ್ಕೊಳ್ಳೋಣ.

ರಾತ್ರಿ 12ಕ್ಕೆ ಏನಾಗುತ್ತೆ

ದಿನಕ್ಕೆ 2 ಜಿಬಿ ಅಂದ್ರೆ, ಆ ದಿನದ ಮೊದಲ 2 ಜಿಬಿ ಮಾತ್ರ ಪೂರ್ತಿ ವೇಗದಲ್ಲಿ. ಅದು ಮುಗಿದ ಮೇಲೆ ನೆಟ್ ಕಟ್ ಆಗಲ್ಲ, ವೇಗ ಇಳಿಯುತ್ತೆ. ಹೆಚ್ಚಿನ ಪ್ಯಾಕ್‌ಗಳಲ್ಲಿ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಕೆಲವದರಲ್ಲಿ ಇನ್ನೂ ಕಡಿಮೆ. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ ಸುಮಾರು 8 ಕಿಲೋಬೈಟ್. ಲೆಕ್ಕ ಹಾಕಿ: 1 ಎಂಬಿ ಇಳಿಸಲು ಎರಡು ನಿಮಿಷದ ಮೇಲೆ ಬೇಕು. ವಾಟ್ಸಾಪಿನಲ್ಲಿ ಬರೀ ಬರಹದ ಮೆಸೇಜ್ ಹೋಗುತ್ತೆ, 200 ಕೆಬಿಯ ಫೋಟೋ ಹೋಗಲು ಅರ್ಧ ನಿಮಿಷದ ಹತ್ತಿರ ಬೇಕು, 4 ಎಂಬಿಯ ಒಂದು ಸಣ್ಣ ವಿಡಿಯೋಗೆ ಎಂಟು ಒಂಬತ್ತು ನಿಮಿಷ. ಯುಪಿಐ ಪಾವತಿಗೆ ಬೇಕಾದ ಡೇಟಾ ಸಣ್ಣದೇ, ಆದ್ರೆ ಆ ಆ್ಯಪ್ ತೆರೆಯುವಾಗ ಮೊದಲು ಬರುವ ಚಿತ್ರ, ಆಫರ್ ಎಲ್ಲಾ ಲೋಡ್ ಆಗಬೇಕಲ್ಲ, ಅಷ್ಟರಲ್ಲಿ ಮೀನು ಕೊಟ್ಟವರು ನಿಮ್ಮ ಮುಖ ನೋಡ್ತಾ ನಿಂತಿರ್ತಾರೆ. "ಅನ್‌ಲಿಮಿಟೆಡ್ ಡೇಟಾ" ಅಂತ ಬರೆಯೋದು ಈ ನಿಧಾನದ ನೆಟ್ಟನ್ನೂ ಸೇರಿಸಿಕೊಂಡು.

ರಾತ್ರಿ 12ಕ್ಕೆ ಕಂಪನಿಯ ಲೆಕ್ಕದಲ್ಲಿ ಹೊಸ ದಿನ ಶುರು, ಹೊಸ 2 ಜಿಬಿ ಬರುತ್ತೆ. ಹಿಂದಿನ ದಿನ ಉಳಿದದ್ದು ಅಲ್ಲಿಗೇ ಹೋಯ್ತು. ವಾರದ ದಿನಗಳಲ್ಲಿ ಉಳಿದದ್ದನ್ನು ಶನಿವಾರ, ಭಾನುವಾರಕ್ಕೆ ಕೊಡುವ ಸೌಲಭ್ಯ ಕೆಲವು ಪ್ಯಾಕಿನಲ್ಲಿ ಉಂಟು, ಆದ್ರೆ ಅದನ್ನು ಪ್ಯಾಕಿನ ವಿವರದಲ್ಲಿ ಬರೆದೇ ಇರ್ತಾರೆ. ಬರೆದಿಲ್ಲ ಅಂದ್ರೆ ಇಲ್ಲ ಅಂತಲೇ ಅರ್ಥ.

ಇಲ್ಲಿ ಜನಕ್ಕೆ ತೊಂದರೆ ಕೊಡುವ ಒಂದು ವಿಷಯ ಇದೆ. 12 ದಾಟಿ ಹತ್ತು ನಿಮಿಷ ಆದ್ರೂ ಕೆಲವೊಮ್ಮೆ ವೇಗ ಬರಲ್ಲ. ಕಾರಣ ಏನಂದ್ರೆ, ನಿಮ್ಮ ಫೋನು ನೆಟ್‌ವರ್ಕಿಗೆ ಒಮ್ಮೆ ಸೇರಿಕೊಂಡರೆ ಅದು ಒಂದು ಸೆಷನ್. ಆ ಸೆಷನ್ನಿಗೆ "ಇವರಿಗೆ 64 ಕೆಬಿಪಿಎಸ್ ಮಾತ್ರ" ಅಂತ ಒಮ್ಮೆ ನಿಯಮ ಹಾಕಿದ ಮೇಲೆ, ಹೊಸ ನಿಯಮ ಬಂದು ತಲುಪುವ ತನಕ ಹಳೆಯದೇ ನಡೀತಾ ಇರುತ್ತೆ. ಏರೋಪ್ಲೇನ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೀರಿ. ಹಳೆ ಸೆಷನ್ ಕಡಿದು ಹೊಸದು ಶುರುವಾಗುತ್ತೆ, ಹೊಸ ಲೆಕ್ಕ ಹಿಡಿಯುತ್ತೆ. ಬೂಸ್ಟರ್ ಹಾಕಿದ ಮೇಲೂ ನೆಟ್ ನಿಧಾನವೇ ಇದ್ದರೆ ಇದನ್ನೇ ಮಾಡಿ, ಗಾಬರಿಯಾಗಿ ಇನ್ನೊಂದು ಬೂಸ್ಟರ್ ಹಾಕಬೇಡಿ.

ಆ್ಯಪಿನಲ್ಲಿ ತೋರಿಸುವ ಬ್ಯಾಲೆನ್ಸ್ ಹಿಂದೆ ಬೀಳೋದೂ ಹೀಗೇ. ನೆಟ್‌ವರ್ಕ್ ನಿಮ್ಮ ಕೋಟಾವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುತ್ತೆ, ಒಂದು ತುಂಡು ಮುಗಿದಾಗ ಲೆಕ್ಕ ಬರೆದುಕೊಂಡು ಮುಂದಿನದು ಕೊಡುತ್ತೆ. ಹಾಗಾಗಿ ಆ್ಯಪ್ 300 ಎಂಬಿ ಇದೆ ಅಂದ್ರೂ ನಿಜವಾಗಿ ಅದಕ್ಕಿಂತ ಕಡಿಮೆ ಇರಬಹುದು.

ಇನ್ನೊಂದು, ಬೆಳಿಗ್ಗೆ ಏಳುವ ಹೊತ್ತಿಗೆ ಅರ್ಧ ಡೇಟಾ ಖಾಲಿ ಅನ್ನೋ ದೂರು. ಯಾರೂ ಕದ್ದಿಲ್ಲ. 12ಕ್ಕೆ ಪೂರ್ತಿ ವೇಗ ಬಂದ ಕೂಡಲೇ, ಹಿಂದಿನ ದಿನ ನಿಧಾನದ ನೆಟ್ಟಿನಲ್ಲಿ ಬಾಕಿ ಉಳಿದಿದ್ದ ಫೋಟೋ ಬ್ಯಾಕಪ್ಪು, ಆ್ಯಪ್ ಅಪ್‌ಡೇಟು, ವಾಟ್ಸಾಪ್ ಗುಂಪಿನ ಗುಡ್ ಮಾರ್ನಿಂಗ್ ವಿಡಿಯೋಗಳು, ಎಲ್ಲಾ ಒಟ್ಟಿಗೇ ಇಳಿಯಲು ಶುರು ಮಾಡ್ತವೆ, ನೀವು ಮಲಗಿರ್ತೀರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಸಿಗುತ್ತೆ. ಬ್ಯಾಕಪ್ಪನ್ನೂ ಅಪ್‌ಡೇಟನ್ನೂ ವೈಫೈ ಇದ್ದಾಗ ಮಾತ್ರ ಅಂತ ಇಟ್ಟರೆ ಈ ಸಮಸ್ಯೆ ಅಲ್ಲಿಗೇ ಮುಗೀತು.

ತದಡಿಯ ಬೋಟು, ಶಿರಸಿಯ ಮನೆ

ಈಗ ಆಯ್ಕೆಯ ಮಾತು. ಒಂದು ಲೆಕ್ಕ ಮಾಡೋಣ. ತದಡಿ ಬಂದರಿನಿಂದ ಬೋಟಿಗೆ ಹೋಗುವ ಒಬ್ಬ ಹುಡುಗ ಅಂತಿಟ್ಟುಕೊಳ್ಳಿ. ಒಮ್ಮೆ ಹೋದ್ರೆ ಎಂಟು ದಿನ ಸಮುದ್ರದಲ್ಲಿ, 28 ದಿನದಲ್ಲಿ ಅಂಥ ಎರಡು ಟ್ರಿಪ್. ದಂಡೆಯಿಂದ ದೂರ ಹೋದ ಮೇಲೆ ಸಿಗ್ನಲ್ ಇಲ್ಲ. ಅವನು ಹಾಕಿಸಿದ್ದು ದಿನಕ್ಕೆ 2 ಜಿಬಿಯ 28 ದಿನದ ಪ್ಯಾಕ್. ಕಾಗದದ ಮೇಲೆ 56 ಜಿಬಿ. ಆದ್ರೆ 16 ದಿನ ಅವನು ನೆಟ್‌ವರ್ಕಿನಲ್ಲೇ ಇಲ್ಲ, ಆ 32 ಜಿಬಿ ಪ್ರತಿ ರಾತ್ರಿ 2 ಜಿಬಿಯ ಹಾಗೆ ಸುಮ್ನೆ ಹೋಯ್ತು. ಉಳಿದದ್ದು ದಡದಲ್ಲಿದ್ದ 12 ದಿನದ 24 ಜಿಬಿ. ಅದರಲ್ಲೂ ದಡಕ್ಕೆ ಬಂದ ದಿನ ಮನೆಯವರ ಜೊತೆ ವಿಡಿಯೋ ಕಾಲು, ಎಂಟು ದಿನದ ಬಾಕಿ ರೀಲ್ಸು, ಸಿನಿಮಾ, ಎಲ್ಲಾ ಸೇರಿ 5 ಜಿಬಿ ಬೇಕು. ಮಧ್ಯಾಹ್ನಕ್ಕೇ 2 ಜಿಬಿ ಮುಗಿದು ಬೂಸ್ಟರ್ ಹಾಕ್ತಾನೆ. ಅಂದ್ರೆ 32 ಜಿಬಿ ನೀರಿಗೆ ಬಿಟ್ಟು, ಮೇಲಿಂದ 3 ಜಿಬಿಗೆ ಬೇರೆ ದುಡ್ಡು.

ಇವನಿಗೆ ಒಟ್ಟು ಡೇಟಾದ ಪ್ಯಾಕ್ ಸರಿ. ಇಡೀ ತಿಂಗಳಿಗೆ 25 ಜಿಬಿ ಅಂತ ಕೊಟ್ಟರೂ ಸಾಕು, ಯಾಕಂದ್ರೆ ಸಮುದ್ರದಲ್ಲಿದ್ದ ದಿನ ಅದು ಕರಗಲ್ಲ, ಬಂದ ದಿನ 5 ಜಿಬಿ ಬಳಸಿದ್ರೂ ಯಾರೂ ತಡೆಯಲ್ಲ. ಇಲ್ಲಿ ರಾತ್ರಿ 12ಕ್ಕೆ ಏನೂ ಆಗಲ್ಲ. ಡೇಟಾದ ಗಡುವೂ ಪ್ಯಾಕಿನ ಗಡುವೂ ಒಂದೇ ದಿನ. ಇದರ ತೊಂದರೆ ಏನಂದ್ರೆ, 25 ಜಿಬಿಯೂ ಮೊದಲ ವಾರದಲ್ಲೇ ಮುಗಿಸಿದರೆ ರಾತ್ರಿ 12ಕ್ಕೆ ಹೊಸದು ಬರುತ್ತೆ ಅಂತ ಕಾಯಲು ಆಗಲ್ಲ. ಪ್ಯಾಕ್ ಇನ್ನೂ 20 ದಿನ ಇರುತ್ತೆ, ನೆಟ್ ಇರಲ್ಲ. ಮೊದಲು ಹೇಳಿದ ಕುಮಟಾದ ದೂರು ಹೆಚ್ಚಾಗಿ ಇಂಥ ಪ್ಯಾಕಿನದ್ದೇ. ಕೆಲವು ಪ್ಯಾಕಿನಲ್ಲಿ ಹೀಗೆ ಮುಗಿದ ಮೇಲೆ ನಿಧಾನದ ನೆಟ್ಟೂ ಇರಲ್ಲ, ಪ್ರತಿ ಎಂಬಿಗೆ ಇಷ್ಟು ಪೈಸೆ ಅಂತ ದರ ಇರುತ್ತೆ. ಆ ಸಾಲನ್ನು ಓದಿಯೇ ತಗೊಳ್ಳಿ.

ಅದೇ ಹುಡುಗನಿಗೆ ಜೂನ್ 1 ಬಂತು ಅಂದ್ರೆ ಉತ್ತರ ಬದಲಾಗುತ್ತೆ. ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟು ದಡದಲ್ಲಿ, ಅವನು ಮನೆಯಲ್ಲಿ. ಹೊರಗೆ ಮಳೆ, ದಿನಾ ಫೋನು. ಆಗ ದಿನಕ್ಕೆ 2 ಜಿಬಿ ಪೂರ್ತಿ ಉಪಯೋಗ ಆಗುತ್ತೆ. ಹಾಗಾಗಿ ಮೇ ತಿಂಗಳಲ್ಲಿ ಬೋಟಿನ ಹಳೆ ಲೆಕ್ಕದಲ್ಲೇ 84 ದಿನದ ಪ್ಯಾಕ್ ಹಾಕಿಸುವ ಮುಂಚೆ ಒಂದ್ಸಲ ಯೋಚನೆ ಮಾಡಿ.

ಶಿರಸಿ ಕಡೆಯ ಕಥೆ ಬೇರೆ. ಮನೆಗೆ ಫೈಬರ್ ಬಂದಿದೆ, ಮಗಳು ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡ್ತಾಳೆ. ವೈಫೈ ಇರುವ ದಿನ ಫೋನಿನ ಡೇಟಾ 100 ಎಂಬಿಯೂ ಹೋಗಲ್ಲ. ಆದ್ರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯ್ತು ಅಂದ್ರೆ ಕರೆಂಟೂ ಇಲ್ಲ, ವೈಫೈಯೂ ಇಲ್ಲ, ಫೋನಿನ ಹಾಟ್‌ಸ್ಪಾಟೇ ಗತಿ. ಅವತ್ತು ಮೀಟಿಂಗು, ಫೈಲು ಎಲ್ಲಾ ಸೇರಿ 6 ಜಿಬಿ ಬೇಕು. ದಿನಕ್ಕೆ 1.5 ಜಿಬಿಯ ಪ್ಯಾಕ್ ಇಂಥವರಿಗೆ ಎರಡೂ ಕಡೆಯಿಂದ ನಷ್ಟ. ಬೇಡದ ದಿನ 1.5 ಜಿಬಿ ವ್ಯರ್ಥ, ಬೇಕಾದ ದಿನ 1.5 ಜಿಬಿ ಮಾತ್ರ.

ದಿನದ ಲಿಮಿಟಿನ ಪ್ಯಾಕ್ ಮಾಡಿರೋದೇ ದಿನಾ ಒಂದೇ ಅಳತೆಯಲ್ಲಿ ಬಳಸುವವರಿಗೆ. ಕಾರವಾರದಲ್ಲಿ ರೂಮ್ ಮಾಡಿಕೊಂಡು ಓದುವ ವಿದ್ಯಾರ್ಥಿ, ವೈಫೈ ಇಲ್ಲದ ಮನೆ, ದಿನಾ ರಾತ್ರಿ ಎರಡು ಗಂಟೆ ವಿಡಿಯೋ ನೋಡುವ ಅಪ್ಪ, ಇವರಿಗೆಲ್ಲಾ ಅದಕ್ಕಿಂತ ಅಗ್ಗ ಇನ್ನೊಂದಿಲ್ಲ. ಒಂದು ದಿನ ಸೊನ್ನೆ, ಇನ್ನೊಂದು ದಿನ ಆರು ಅಂತ ಬಳಸುವವರಿಗೆ ಅಲ್ಲ. ಯಾವ ಗುಂಪಿನವರು ನೀವು ಅಂತ ಊಹೆ ಮಾಡಬೇಕಾಗಿಲ್ಲ, ಕಂಪನಿಯ ಆ್ಯಪಿನಲ್ಲಿ ದಿನದ ಬಳಕೆಯ ಪಟ್ಟಿ ಇದ್ದರೆ ಎರಡು ವಾರದ್ದು ತೆಗೆದು ನೋಡಿ. ಅಂಕಿಗಳು ಹತ್ತಿರ ಹತ್ತಿರ ಇದ್ದರೆ ದಿನದ ಪ್ಯಾಕ್, ಮೇಲೆ ಕೆಳಗೆ ಹಾರ್ತಾ ಇದ್ದರೆ ಒಟ್ಟು ಡೇಟಾ ಅಥವಾ ಬೂಸ್ಟರ್.

ಬೂಸ್ಟರ್ ಹಾಕುವಾಗ

ಶಿರಸಿಯ ಆ ಮನೆಗೆ ಸಣ್ಣ ಪ್ಯಾಕಿನ ಮೇಲೆ ಬೂಸ್ಟರ್ ಸರಿ ಅಂತ ನನ್ನ ಲೆಕ್ಕ. ಆದ್ರೆ ಜನ ಹೆಚ್ಚು ದುಡ್ಡು ಕಳ್ಕೊಳ್ಳೋದೂ ಇಲ್ಲೇ.

ಬೂಸ್ಟರ್‌ಗೆ ಡೇಟಾ ವ್ಯಾಲಿಡಿಟಿ ಇದೆ, ಪ್ಯಾಕ್ ವ್ಯಾಲಿಡಿಟಿ ಇಲ್ಲ. ಅದು ನಿಮ್ಮ ನಂಬರಿನ ಆಯುಷ್ಯ ಒಂದು ದಿನವೂ ಹೆಚ್ಚಿಸಲ್ಲ, ಕೆಳಗೆ ಒಂದು ಮುಖ್ಯ ಪ್ಯಾಕ್ ಜೀವಂತ ಇದ್ದರೆ ಮಾತ್ರ ಓಡುತ್ತೆ. ಅದರ ಗಡುವು ಎರಡು ರೀತಿ. ಕೆಲವದಕ್ಕೆ ತನ್ನದೇ ದಿನ ಇರುತ್ತೆ: ಒಂದು ದಿನ, ಏಳು ದಿನ, ಮೂವತ್ತು ದಿನ. ಇನ್ನು ಕೆಲವದರಲ್ಲಿ ವ್ಯಾಲಿಡಿಟಿ ಜಾಗದಲ್ಲಿ `Existing Plan` ಅಥವಾ `Active Plan` ಅಂತ ಬರೆದಿರುತ್ತೆ. ಅಂದ್ರೆ ಮುಖ್ಯ ಪ್ಯಾಕ್ ಎಲ್ಲಿ ತನಕವೋ ಇದೂ ಅಲ್ಲಿ ತನಕ. ಕೇಳಲು ಚೆನ್ನಾಗಿದೆ, ಅಲ್ವಾ? 84 ದಿನದ ಪ್ಯಾಕಿನ ಐದನೇ ದಿನ ಹಾಕಿದರೆ ಅದು ನಿಜಕ್ಕೂ ಒಳ್ಳೆಯದು, 6 ಜಿಬಿಯನ್ನು ಎರಡೂವರೆ ತಿಂಗಳು ಇಟ್ಟುಕೊಂಡು ಕರೆಂಟ್ ಹೋದ ದಿನ ಬಳಸಬಹುದು. 82ನೇ ದಿನ ಹಾಕಿದರೆ? ಅದೇ ದುಡ್ಡು, ಅದೇ 6 ಜಿಬಿ, ಎರಡು ದಿನ. ಹಾಗಾಗಿ ಬೂಸ್ಟರ್ ಹಾಕುವ ಮುಂಚೆ ಪ್ಯಾಕ್ ಮುಗಿಯುವ ದಿನ ನೋಡಿ. ಒಂದು ವಾರಕ್ಕಿಂತ ಕಡಿಮೆ ಇದ್ದರೆ ತನ್ನದೇ ದಿನ ಇರುವ ಬೂಸ್ಟರ್ ಆರಿಸಿ. ಅದರ ಕೆಳಗಿನ ಪ್ಯಾಕ್ ಮುಗಿಯುವ ಮುಂಚೆಯೇ ಹೊಸದು ಹಾಕಿಬಿಡಿ, ಇಲ್ಲಾಂದ್ರೆ ಬೂಸ್ಟರಿನ ದಿನ ಉಳಿದಿದ್ದರೂ ನೆಟ್ ನಿಲ್ಲುತ್ತೆ.

ಒಂದು ದಿನದ ಬೂಸ್ಟರ್‌ದು ಇನ್ನೊಂದು ಕಿರಿಕಿರಿ. ಒಂದು ದಿನ ಅಂದ್ರೆ 24 ಗಂಟೆಯೋ ಇವತ್ತಿನ ರಾತ್ರಿ 12ರ ತನಕವೋ ಅನ್ನೋದು ಪ್ಯಾಕಿನಿಂದ ಪ್ಯಾಕಿಗೆ ಬೇರೆ. ಇವತ್ತಿನ 12ರ ತನಕ ಅನ್ನುವಂಥದ್ದನ್ನು ರಾತ್ರಿ ಹತ್ತೂವರೆಗೆ ಹಾಕಿದ್ರೆ ಸಿಗೋದು ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ನನ್ನ ಸಲಹೆ ಸುಲಭ: ತುರ್ತು ಇಲ್ಲ ಅಂದ್ರೆ 12ರ ತನಕ ಕಾಯಿರಿ, ದಿನದ ಡೇಟಾ ತಾನಾಗೇ ಬರುತ್ತೆ.

ಯಾವುದು ಮೊದಲು ಖರ್ಚಾಗುತ್ತೆ ಅಂತ ಕೇಳ್ತೀರಿ. ಸಾಮಾನ್ಯವಾಗಿ ದಿನದ ಕೋಟಾ ಮೊದಲು, ಅದು ಮುಗಿದ ಮೇಲೆ ಬೂಸ್ಟರ್. ರಾತ್ರಿ 12 ಆದ ಕೂಡಲೇ ಮತ್ತೆ ದಿನದ ಕೋಟಾ ಹಿಡಿಯುತ್ತೆ, ಬೂಸ್ಟರಿನಲ್ಲಿ ಉಳಿದದ್ದು ಅದರ ಗಡುವಿನ ತನಕ ಪಕ್ಕಕ್ಕೆ ನಿಂತಿರುತ್ತೆ. ಇಲ್ಲಿ ಒಂದು ಅಪಾಯ: ಬೂಸ್ಟರ್ ಇದ್ದಾಗ ದಿನದ ಲಿಮಿಟ್ ದಾಟಿದ್ದು ನಿಮಗೆ ಗೊತ್ತೇ ಆಗಲ್ಲ, ವೇಗ ಇಳಿಯಲ್ಲವಲ್ಲ. ಮಕ್ಕಳ ಕೈಗೆ ಫೋನ್ ಕೊಟ್ಟು ಒಳಗೆ ಅಡುಗೆ ಮಾಡಿ ಬರುವಷ್ಟರಲ್ಲಿ ಎರಡು ತಿಂಗಳಿಗೆ ಅಂತ ಇಟ್ಟ ಬೂಸ್ಟರ್ ಕಾರ್ಟೂನಿಗೆ ಹೋಗಿರುತ್ತೆ.

ಪೂರ್ತಿ ಕರೆಗೆ ಮಾತ್ರ ಇರುವ ಪ್ಯಾಕುಗಳೂ ಈಗ ಇವೆ. ಡೇಟಾ ಬೇಡದವರಿಗೆ ಬರೀ ಕರೆ, ಎಸ್ಸೆಮ್ಮೆಸ್‌ನ ಪ್ಯಾಕ್ ಕೊಡಲೇಬೇಕು ಅಂತ ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು, ಇಂಥ ಪ್ಯಾಕಿನ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿದ್ದೂ ಆಗಲೇ. ಊರಲ್ಲಿ ಅಜ್ಜಿಯ ಕೀಪ್ಯಾಡ್ ಫೋನಿಗೆ ಇದೇ ಸರಿ. ಆದ್ರೆ ಇದರ ಮೇಲೆ ಬೂಸ್ಟರ್ ಹಾಕುವ ಯೋಚನೆ ಇದ್ದರೆ, ಆ ಬೂಸ್ಟರ್ ಈ ಪ್ಯಾಕಿಗೆ ಕೂರುತ್ತಾ ಅಂತ ಮೊದಲು ಕೇಳಿ, ಆಮೇಲೆ ದುಡ್ಡು ಕೊಡಿ.

ಮೊದಲ ದಿನ, ಕೊನೆಯ ದಿನ

28 ದಿನ ಅಂದ್ರೆ ಎಲ್ಲಿಂದ ಎಲ್ಲಿಗೆ? ಕೆಲವು ಪ್ಯಾಕು ಕೊನೆಯ ದಿನ ರಾತ್ರಿ 11:59ಕ್ಕೆ ಮುಗೀತವೆ, ರೀಚಾರ್ಜ್ ಮಾಡಿದ ದಿನವೂ ಒಂದು ದಿನ ಅಂತಲೇ ಲೆಕ್ಕ. ಇನ್ನು ಕೆಲವು ರೀಚಾರ್ಜ್ ಮಾಡಿದ ಗಂಟೆಗೇ ಮುಗೀತವೆ. ಆ್ಯಪಿನಲ್ಲಿ ಮುಗಿಯುವ ತಾರೀಕಿನ ಪಕ್ಕ `11:59 PM` ಇದ್ದರೆ ಮೊದಲ ರೀತಿ. ಈ ಮೊದಲ ರೀತಿಯದ್ದನ್ನು ರಾತ್ರಿ ಹತ್ತಕ್ಕೆ ಹಾಕಿಸಿದರೆ ಮೊದಲ ದಿನ ನಿಮಗೆ ಸಿಗೋದು ಎರಡೇ ಗಂಟೆ, ಅಷ್ಟರಲ್ಲಿ 2 ಜಿಬಿ ಖಾಲಿ ಮಾಡೋದು ಕಷ್ಟ. ಬೆಳಿಗ್ಗೆ ಹಾಕಿಸೋದು ಲಾಭ. ಎರಡನೇ ರೀತಿಯಲ್ಲಿ ಯಾವಾಗ ಹಾಕಿದ್ರೂ ಅಷ್ಟೇ, ಆದ್ರೆ ಕೊನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಸಿದ್ದಾಪುರದ ಬಸ್ಸಿನಲ್ಲಿ ಕೂತಿರುವಾಗ ಫೋನ್ ಸುಮ್ಮನಾಗಬಹುದು.

ಮುಗಿಯುವ ಮುಂಚೆಯೇ ಇನ್ನೊಂದು ಸಲ ಹಾಕಿಸಿದರೆ ದಿನದ ಲಿಮಿಟ್ 2ರಿಂದ 4 ಜಿಬಿ ಆಗುತ್ತೆ ಅಂತ ಕೆಲವರು ತಿಳ್ಕೊಂಡಿದ್ದಾರೆ. ಆಗಲ್ಲ. ಸಾಮಾನ್ಯವಾಗಿ ಹೊಸದು ಸಾಲಿನಲ್ಲಿ ಕಾಯುತ್ತೆ, ಹಳೆಯದು ಮುಗಿದ ಮೇಲೆ ಶುರುವಾಗುತ್ತೆ. ದಿನ ಹೆಚ್ಚಾಗುತ್ತೆ, ದಿನದ ಡೇಟಾ ಹೆಚ್ಚಾಗಲ್ಲ. ಬೇರೆ ದರದ ಪ್ಯಾಕ್ ಹಾಕುವಾಗ ಮಾತ್ರ ಇದು ಸಾಲಿಗೆ ಹೋಗುತ್ತಾ ಈಗಲೇ ಶುರುವಾಗುತ್ತಾ ಅಂತ ನೋಡಿ.

28 ದಿನದ ಪ್ಯಾಕಿಗೆ ವರ್ಷಕ್ಕೆ 12 ರೀಚಾರ್ಜ್ ಸಾಕಾಗಲ್ಲ, 13 ಬೇಕು. 12 ಸಲ ಹಾಕಿದ್ರೆ 336 ದಿನ ಅಷ್ಟೇ. ತಿಂಗಳ ಸಂಬಳದ ಲೆಕ್ಕದಲ್ಲಿ ನಡೆಯುವವರು 30 ದಿನದ್ದು ಅಥವಾ ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಪ್ಯಾಕ್ ಕೇಳಿ. ಪ್ರತಿ ಕಂಪನಿಯೂ ಅಂಥದ್ದು ಇಟ್ಟಿರಲೇಬೇಕು ಅಂತ ಟ್ರಾಯ್ 2022ರಲ್ಲೇ ಹೇಳಿದೆ. ಅಂಗಡಿಯ ಬೋರ್ಡಿನ ಮೇಲೆ ಅದು ಇರಲ್ಲ, ಕೇಳಬೇಕು.

5ಜಿ ಬಗ್ಗೆ ಒಂದೇ ಮಾತು. ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಕೆಲವು ಪ್ಯಾಕಿಗೆ ಅನ್‌ಲಿಮಿಟೆಡ್ 5ಜಿ ಕೊಡ್ತಾರೆ, 5ಜಿಯಲ್ಲಿ ಬಳಸಿದ್ದು ದಿನದ ಲೆಕ್ಕಕ್ಕೆ ಬರಲ್ಲ. ಆದ್ರೆ ಪೇಟೆಯಲ್ಲಿ 5ಜಿ ಹಿಡಿದ ಫೋನು ದೇವಿಮನೆ ಘಾಟಿ ಹತ್ತುವಾಗ 4ಜಿಗೆ ಇಳಿದ್ರೆ ಅಲ್ಲಿಂದ ಪ್ರತಿ ಎಂಬಿಯೂ ಆ 2 ಜಿಬಿಯಿಂದಲೇ ಹೋಗುತ್ತೆ. ನಿಮ್ಮ ಮನೆಯ ಒಳಗೆ, ನೀವು ಕೂರುವ ಜಾಗದಲ್ಲಿ ಪರದೆಯ ಮೇಲೆ `5G` ನಿಂತಿರುತ್ತಾ ಅಂತ ನೋಡಿಕೊಂಡೇ ಆ ಪ್ಯಾಕಿಗೆ ಜಾಸ್ತಿ ದುಡ್ಡು ಕೊಡಿ.

ಎರಡೂ ಗಡುವು ನೋಡಲು ಆ್ಯಪ್ ಇಲ್ಲದಿದ್ದರೂ ನಡೆಯುತ್ತೆ. ಏರ್‌ಟೆಲ್ ಆದರೆ `*121#`, ವಿಐ ಆದರೆ `*199#` ಒತ್ತಿ, ಜಿಯೋ ಆದರೆ `1299`ಗೆ ಕರೆ ಮಾಡಿ, ವಿವರ ಮೆಸೇಜಿನಲ್ಲಿ ಬರುತ್ತೆ. ಅದರಲ್ಲಿ ಎರಡು ತಾರೀಕು ಹುಡುಕಿ, ಪ್ಯಾಕ್ ಮುಗಿಯೋದು ಯಾವಾಗ, ಡೇಟಾ ಮುಗಿಯೋದು ಯಾವಾಗ. ರೀಚಾರ್ಜ್ ಅಂಗಡಿಯಲ್ಲಾದರೆ "ಎಷ್ಟು ದಿನ?" ಅಂತ ಕೇಳಬೇಡಿ, "ಕರೆ ಎಷ್ಟು ದಿನ, ಡೇಟಾ ಎಷ್ಟು ದಿನ, ದಿನಕ್ಕೋ ಒಟ್ಟಿಗೋ?" ಅಂತ ಕೇಳಿ.